ದೊಡ್ಡ ಕರಾರಿಗೊಂದು ಷರತ್ತುಗಳ ಪಟ್ಟಿ

ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಕೊಳ್ಳುವವರು ಬಿಲ್ಡರ್ ಜೊತೆ ಮಾಡಿಕೊಳ್ಳುವ ಮಾರಾಟದ ಕರಾರು ಹತ್ತಾರು ಪುಟಗಳಷ್ಟಿರುತ್ತದೆ. 2016ರ ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಈ ಕರಾರು ಬರೆದು ನೋಂದಣಿ ಮಾಡಿಸುವ ಮೊದಲು ಬಿಲ್ಡರ್ ಫ್ಲ್ಯಾಟಿನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಹಾಗಾಗಿ ದೊಡ್ಡ ಮೊತ್ತದ ಕಂತುಗಳೆಲ್ಲ ಶುರುವಾಗುವುದು ಈ ಕಾಗದಕ್ಕೆ ಸಹಿ ಬಿದ್ದ ಮೇಲೆ. ಆಮೇಲಿನ ಎರಡು ಮೂರು ವರ್ಷ ಕಂತಿನ ನೋಟಿಸು ಬಂದಾಗ, ಕೆಲಸ ನಿಂತಾಗ, ಕೀಲಿ ಕೈ ಕೊಡುವುದು ತಡವಾದಾಗಲೆಲ್ಲ ಕೊಂಡವರು ಅದನ್ನು ಮತ್ತೆ ಬಿಚ್ಚಿ ನೋಡಬೇಕಾಗುತ್ತದೆ. ಬೇಕಾದ ಷರತ್ತು ಎಲ್ಲಿದೆ ಎಂದು ಹುಡುಕುವ ಕಷ್ಟ ತಪ್ಪಿಸಲು ಷರತ್ತಿನ ಸಂಖ್ಯೆ, ತಲೆಬರಹ, ಒಂದು ಸಾಲಿನ ಉದ್ದೇಶ ಎಂಬ ಮೂರು ಅಂಕಣಗಳ ಪಟ್ಟಿಯೊಂದನ್ನು ಮಾಡಿಟ್ಟುಕೊಳ್ಳಬಹುದು.

ಸಂಖ್ಯೆ ಮತ್ತು ತಲೆಬರಹ

ಮೊದಲ ಎರಡು ಅಂಕಣಗಳಲ್ಲಿ ಸ್ವಂತ ಬುದ್ಧಿ ಓಡಿಸಬಾರದು. ಕರಾರಿನಲ್ಲಿ 7.1 ಎಂದಿದ್ದರೆ ಪಟ್ಟಿಯಲ್ಲೂ 7.1 ಎಂದೇ ಇರಬೇಕು. ತಲೆಬರಹದಲ್ಲಿ ಅಚ್ಚಿನ ತಪ್ಪಿದ್ದರೂ ಅದನ್ನು ಇದ್ದಂತೆಯೇ ಬರೆಯಬೇಕು. ವಕೀಲರಿಗೋ ಬ್ಯಾಂಕಿನವರಿಗೋ ಪಟ್ಟಿ ತೋರಿಸಿದಾಗ ಅವರು ಕರಾರಿನಲ್ಲಿ ಅದೇ ಅಕ್ಷರಗಳನ್ನು ಹುಡುಕುತ್ತಾರೆ. ತಲೆಬರಹವೇ ಇಲ್ಲದ ಉಪಷರತ್ತುಗಳ ಮುಂದೆ ಆ ಜಾಗವನ್ನು ಖಾಲಿ ಬಿಟ್ಟರೆ ಸಾಕು.

ಪುಟಸಂಖ್ಯೆಯನ್ನು ನೆಚ್ಚಿಕೊಳ್ಳುವುದು ಬೇಡ. ಕರಡಿನಲ್ಲಿ 14ನೇ ಪುಟದಲ್ಲಿದ್ದದ್ದು, ಮುಂದೆ ಛಾಪಾ ಕಾಗದದ ಹಾಳೆಗಳು ಸೇರಿ ನೋಂದಣಿಯಾದ ಪ್ರತಿಯಲ್ಲಿ 17ಕ್ಕೆ ಹೋಗಿರಬಹುದು. ಸ್ಕ್ಯಾನ್ ಮಾಡಿದ ಕಡತದಲ್ಲಿ ಅದು ಇನ್ನೊಂದೇ ಸಂಖ್ಯೆಯಾಗಿರಬಹುದು. ಷರತ್ತಿನ ಸಂಖ್ಯೆ ಮಾತ್ರ ಮೂರರಲ್ಲೂ ಒಂದೇ ಆಗಿರುತ್ತದೆ.

ಒಂದು ಸಾಲು ಬರೆಯುವ ಬಗೆ

ಪಟ್ಟಿಯ ನಿಜವಾದ ಕೆಲಸವಿರುವುದು ಮೂರನೆಯ ಅಂಕಣದಲ್ಲಿ. ಹೆಚ್ಚಿನ ಪಟ್ಟಿಗಳು ಸೋಲುವುದೂ ಇಲ್ಲೇ. ‘ಸ್ವಾಧೀನ’ ಎಂಬ ತಲೆಬರಹದ ಮುಂದೆ ‘ಸ್ವಾಧೀನದ ಬಗ್ಗೆ ಹೇಳುತ್ತದೆ’ ಎಂದು ಬರೆದರೆ ಓದುವವರಿಗೆ ಹೊಸದೇನೂ ಸಿಗುವುದಿಲ್ಲ. ಆ ಸಾಲನ್ನು ತಲೆಬರಹ ನೋಡಿ ಬರೆಯದೆ, ಷರತ್ತಿನ ಒಡಲನ್ನು ಪೂರ್ತಿ ಓದಿ ಬರೆಯಬೇಕು. ಯಾರು, ಏನು ಮಾಡಬೇಕು, ಯಾವಾಗ, ಮಾಡದಿದ್ದರೆ ಏನು ಎಂಬ ನಾಲ್ಕು ಪ್ರಶ್ನೆ ಕೇಳಿಕೊಂಡರೆ ವಾಕ್ಯ ತಾನಾಗಿ ರೂಪುಗೊಳ್ಳುತ್ತದೆ. ಎಲ್ಲ ಷರತ್ತುಗಳಲ್ಲೂ ನಾಲ್ಕಕ್ಕೂ ಉತ್ತರ ಸಿಗಲಿಕ್ಕಿಲ್ಲ. ಸಿಕ್ಕಷ್ಟು ಬರೆದರಾಯಿತು.

‘ಯಾರು’ ಎಂಬುದನ್ನು ಮಾತ್ರ ಎಂದೂ ಬಿಡಬಾರದು. ‘ಬಡ್ಡಿ ಕೊಡಬೇಕು’ ಎಂಬ ಸಾಲಿಗಿಂತ ‘ಕಂತು ತಡವಾದರೆ ಕೊಂಡವರು ಬಡ್ಡಿ ಕೊಡಬೇಕು’ ಎಂಬುದು ಉಪಯುಕ್ತ, ಏಕೆಂದರೆ ಅದೇ ಕರಾರಿನ ಮತ್ತೊಂದು ಮೂಲೆಯಲ್ಲಿ ಬಿಲ್ಡರ್ ಕೊಡಬೇಕಾದ ಬಡ್ಡಿಯ ಮಾತೂ ಇರುತ್ತದೆ. ಹಾಗೆಯೇ ‘ತಕ್ಕದ್ದು’ ಮತ್ತು ‘ಬಹುದು’ ಎಂಬೆರಡನ್ನು ಅದಲು ಬದಲು ಮಾಡಬಾರದು. ಬಿಲ್ಡರ್ ಕರಾರು ‘ರದ್ದು ಮಾಡಬಹುದು’ ಎಂದಿರುವುದನ್ನು ‘ರದ್ದಾಗುತ್ತದೆ’ ಎಂದು ಚುಟುಕಾಗಿ ಬರೆದರೆ, ಒಬ್ಬರಿಗೆ ಕೊಟ್ಟ ಆಯ್ಕೆ ತಾನಾಗಿ ಆಗುವ ಘಟನೆಯಂತೆ ಕಾಣುತ್ತದೆ.

ಸಾಲು ಎರಡಾಗಿ ಬೆಳೆಯುತ್ತಿದ್ದರೆ ಆ ಷರತ್ತಿನೊಳಗೆ ಎರಡು ವಿಷಯಗಳಿವೆ ಎಂದು ತಿಳಿಯಬೇಕು. ಆಗ 7 ಎಂಬ ಒಂದೇ ಸಾಲಿನ ಬದಲು 7.1, 7.2 ಎಂದು ಒಡೆದು ಬರೆಯುವುದು ಸರಿ. ಆದರೆ ಎಲ್ಲವನ್ನೂ ಹೀಗೆ ಒಡೆಯಬೇಕಿಲ್ಲ. ಯಾವ ಊರಿನ ನ್ಯಾಯಾಲಯ, ನೋಟಿಸು ಯಾವ ವಿಳಾಸಕ್ಕೆ ಎಂಬಂಥ ಕೊನೆಯ ಷರತ್ತುಗಳಿಗೆ ಒಂದೊಂದೇ ಸಾಲು ಸಾಕು. ದುಡ್ಡು, ದಿನಾಂಕ, ರದ್ದತಿ ಈ ಮೂರು ಇರುವ ಕಡೆ ಮಾತ್ರ ಒಳಗಿಳಿಯಬೇಕು.

ಉದಾಹರಣೆ: ಮನೆ ಸಿಗುವುದು ತಡವಾದರೆ

ಕರ್ನಾಟಕದ 2017ರ ರೇರಾ ನಿಯಮಗಳ ಜೊತೆ ಮಾರಾಟದ ಕರಾರಿನ ಮಾದರಿಯೂ ಇದೆ. ಅದೇ ಜಾಡಿನಲ್ಲಿ ಸಾಗುವ ಒಂದು ಕಾಲ್ಪನಿಕ ಕರಾರಿನ ಪಟ್ಟಿಯ ತುಣುಕು ಹೀಗಿರುತ್ತದೆ. ನಿಮ್ಮ ಪ್ರತಿಯಲ್ಲಿ ಸಂಖ್ಯೆಗಳು ಬೇರೆಯಿರಬಹುದು.

| ಸಂಖ್ಯೆ | ತಲೆಬರಹ | ಉದ್ದೇಶ |
|---|---|---|
| 2 | ಹಣ ಪಾವತಿಯ ವಿಧಾನ | ಕೆಲಸದ ಹಂತ ಮುಗಿದು ಬಿಲ್ಡರ್ ಬೇಡಿಕೆ ಕಳಿಸಿದ ಮೇಲೆ ಕೊಂಡವರು ಕಂತು ಕಟ್ಟಬೇಕು (ಷೆಡ್ಯೂಲ್ ಸಿ ನೋಡಿ) |
| 7.1 | ಸ್ವಾಧೀನದ ವೇಳಾಪಟ್ಟಿ | ಬಿಲ್ಡರ್ ಮನೆ ಕೊಡಬೇಕಾದ ದಿನಾಂಕ. ಯುದ್ಧ, ನೆರೆ, ಭೂಕಂಪದಂಥ ಕಾರಣಕ್ಕೆ ಗಡುವು ಮುಂದೆ ಹೋಗುತ್ತದೆ |
| 7.5 | ಕೊಂಡವರಿಂದ ರದ್ದತಿ | ಬಿಲ್ಡರ್ ತಪ್ಪಿಲ್ಲದೆ ಕೊಂಡವರು ಹಿಂದೆ ಸರಿದರೆ ಬಿಲ್ಡರ್ ಬುಕಿಂಗ್ ಹಣ ಹಿಡಿದುಕೊಳ್ಳಬಹುದು |
| 7.6 | ಪರಿಹಾರ | ಹಕ್ಕುಪತ್ರದಲ್ಲಿ ದೋಷವಿದ್ದರೆ ಬಿಲ್ಡರ್ ನಷ್ಟ ತುಂಬಬೇಕು; ಮನೆ ತಡವಾದರೆ ಹಣ ವಾಪಸು ಅಥವಾ ಬಡ್ಡಿ ಕೊಡಬೇಕು (9.2ನ್ನೂ ನೋಡಿ) |
| 9.2 | ಬಿಲ್ಡರ್ ತಪ್ಪಿದರೆ | ಕೊಂಡವರು ಕಂತು ನಿಲ್ಲಿಸಬಹುದು ಅಥವಾ ಕರಾರು ಕೊನೆಗೊಳಿಸಿ ಬಡ್ಡಿಯೊಂದಿಗೆ ಹಣ ಕೇಳಬಹುದು |
| 12 | ದೋಷದ ಹೊಣೆ | ಸ್ವಾಧೀನದಿಂದ 5 ವರ್ಷದೊಳಗೆ ತಿಳಿಸಿದ ಕಟ್ಟಡದ ದೋಷವನ್ನು ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು |

ಹೇಳಿದ ತಿಂಗಳು ಕಳೆದರೂ ಕೀಲಿ ಕೈ ಬಂದಿಲ್ಲ ಎಂದಿಟ್ಟುಕೊಳ್ಳಿ. ತಲೆಬರಹಗಳನ್ನಷ್ಟೇ ನೋಡಿದವರು 7.1 ಓದಿ, ಅಲ್ಲಿ ದಿನಾಂಕ ಮಾತ್ರ ಕಂಡು ನಿಲ್ಲುತ್ತಾರೆ. ಅವರಿಗೆ ಬೇಕಾದ ಬಡ್ಡಿಯ ಮಾತು ‘ಪರಿಹಾರ’ ಎಂಬ ತಲೆಬರಹದಡಿ, ಹಕ್ಕುಪತ್ರದ ದೋಷದ ಜೊತೆ ಸೇರಿಕೊಂಡಿದೆ. ಸಿಟ್ಟಿನಲ್ಲಿ ‘ರದ್ದತಿ’ ಎಂಬ ಪದವೊಂದನ್ನೇ ಹಿಡಿದು 7.5ರ ಅಡಿಯಲ್ಲಿ ಪತ್ರ ಬರೆದರೆ ಬುಕಿಂಗ್ ಹಣವನ್ನೇ ಬಿಟ್ಟುಕೊಟ್ಟಂತೆ ಆಗಬಹುದು. ಅವರು ಹೋಗಬೇಕಾದದ್ದು 9.2ಕ್ಕೆ. ಪಟ್ಟಿಯಲ್ಲಿ 7.5ರ ಸಾಲು ‘ಬಿಲ್ಡರ್ ತಪ್ಪಿಲ್ಲದೆ’ ಎಂಬ ಮಾತಿನಿಂದ ಶುರುವಾಗಿರುವುದು ಈ ಕಾರಣಕ್ಕೇ. ಕಾಯ್ದೆಯ 18ನೇ ಸೆಕ್ಷನ್ ಕೂಡ ತಡವಾದಾಗ ಕೊಂಡವರಿಗೆ ಎರಡು ದಾರಿ ಕೊಡುತ್ತದೆ: ಹಿಂದೆ ಸರಿದು ಬಡ್ಡಿಸಮೇತ ಹಣ ವಾಪಸು ಪಡೆಯುವುದು, ಇಲ್ಲವೇ ಉಳಿದುಕೊಂಡು ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯುವುದು.

ಪಟ್ಟಿಯಿಂದ ತಪ್ಪಿಸಿಕೊಳ್ಳುವ ಭಾಗಗಳು

ಸಂಖ್ಯೆಯಿರುವ ಷರತ್ತುಗಳನ್ನಷ್ಟೇ ಎಣಿಸಿ ಮುಗಿಸಿದರೆ ಕರಾರಿನ ಎರಡು ತುದಿಗಳು ಹೊರಗೇ ಉಳಿಯುತ್ತವೆ. ಶುರುವಿನಲ್ಲಿ ಪದಗಳ ಅರ್ಥ ಹೇಳುವ ಭಾಗವಿರುತ್ತದೆ. ಕಾರ್ಪೆಟ್ ವಿಸ್ತೀರ್ಣದಲ್ಲಿ ಏನೇನು ಸೇರುತ್ತದೆ ಎಂಬುದು ಬೆಲೆಯನ್ನೇ ನಿರ್ಧರಿಸುವ ಮಾತು, ಆದ್ದರಿಂದ ಇಂಥ ಪದಗಳಿಗೂ ಪಟ್ಟಿಯಲ್ಲಿ ಒಂದೊಂದು ಸಾಲು ಬೇಕು. ಕೊನೆಯಲ್ಲಿ ಷೆಡ್ಯೂಲ್‌ಗಳಿರುತ್ತವೆ: ಆಸ್ತಿಯ ಚಕ್ಕುಬಂದಿ, ನಕ್ಷೆ, ಕಂತುಗಳ ಪಟ್ಟಿ, ಒದಗಿಸುವ ಸಾಮಗ್ರಿಗಳ ವಿವರ. ಷರತ್ತು ‘ಷೆಡ್ಯೂಲಿನಲ್ಲಿ ಹೇಳಿದಂತೆ’ ಎಂದು ಕೈತೋರಿ ಸುಮ್ಮನಾಗುವುದರಿಂದ, ದಿನಾಂಕ ಮತ್ತು ಮೊತ್ತ ನಿಜವಾಗಿ ಇರುವುದು ಅಲ್ಲಿ.

ಪಟ್ಟಿ ಮುಗಿದ ಮೇಲೆ ಕರಾರನ್ನು ಇನ್ನೊಮ್ಮೆ ತಿರುವಿ, ಒಂದು ಷರತ್ತು ಇನ್ನೊಂದರ ಸಂಖ್ಯೆ ಹೇಳುವ ಕಡೆಯೆಲ್ಲ ಅದು ಸರಿಯಾದ ಜಾಗಕ್ಕೇ ಹೋಗುತ್ತದೆಯೇ ಎಂದು ನೋಡುವುದು ಒಳ್ಳೆಯದು. ಹಳೆಯ ಕರಾರನ್ನು ತಿದ್ದಿ ಹೊಸದು ಮಾಡುವಾಗ ನಡುವಿನ ಒಂದು ಷರತ್ತು ತೆಗೆದಿದ್ದರೆ, ಮುಂದಿನ ಸಂಖ್ಯೆಗಳು ಒಂದೊಂದು ಹಿಂದೆ ಸರಿದು ‘9.2ರ ಪ್ರಕಾರ’ ಎಂಬ ಮಾತು ಸಂಬಂಧವೇ ಇಲ್ಲದ ವಿಷಯವನ್ನು ತೋರಿಸುತ್ತಿರುತ್ತದೆ. ಇದು ಸಹಿಗೆ ಮುಂಚೆ ಸಿಕ್ಕರೆ ಕರಡಿನಲ್ಲೇ ತಿದ್ದಿಸಬಹುದು. ನೋಂದಣಿಯಾದ ಮೇಲೆ ಸಿಕ್ಕರೆ ತಿದ್ದುಪಡಿ ಪತ್ರ ಮಾಡಿಸಬೇಕಾಗುತ್ತದೆ.

ಯಾವ ಪ್ರತಿಯ ಪಟ್ಟಿ

ಪಟ್ಟಿಯ ನೆತ್ತಿಯಲ್ಲಿ ಅದು ಯಾವ ಪ್ರತಿಯನ್ನು ನೋಡಿ ಮಾಡಿದ್ದು ಎಂದು ಬರೆದಿಡಬೇಕು: ಇಂಥ ದಿನಾಂಕದ ಕರಡು, ಅಥವಾ ಇಂಥ ದಸ್ತಾವೇಜು ಸಂಖ್ಯೆಯ ನೋಂದಾಯಿತ ಪ್ರತಿ. ಕರಡು ಓದುವಾಗ ಮಾಡಿದ ಪಟ್ಟಿಯನ್ನೇ ಉಳಿಸಿಕೊಂಡವರು, ಸಹಿಯಾದ ಪ್ರತಿಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಬೇಕು. ಮುಂದೆ ತಿದ್ದುಪಡಿ ಪತ್ರವಾದರೆ ಹಳೆಯ ಸಾಲನ್ನು ಅಳಿಸದೆ, ಅದರ ಕೆಳಗೆ ಬದಲಾದ ದಿನಾಂಕದೊಂದಿಗೆ ಹೊಸ ಸಾಲು ಸೇರಿಸಬೇಕು. ಬದಲಾವಣೆಗೆ ಮುಂಚೆ ಕಟ್ಟಿದ ಕಂತಿನ ಬಗ್ಗೆ ತಕರಾರು ಬಂದಾಗ ಹಳೆಯ ಮಾತೂ ಬೇಕಾಗುತ್ತದೆ.

ಬಿಲ್ಡರ್‌ಗೆ ಪತ್ರ ಬರೆಯುವಾಗ, ರೇರಾ ಪ್ರಾಧಿಕಾರಕ್ಕೆ ದೂರು ಕೊಡುವಾಗ ಪಟ್ಟಿಯ ಸಾಲನ್ನು ಎತ್ತಿ ಬರೆಯಬಾರದು. ಅದು ನಿಮ್ಮ ಮಾತು. ಎರಡೂ ಕಡೆಯವರು ಸಹಿ ಹಾಕಿರುವುದು ಷರತ್ತಿನ ಮೂಲ ಪಠ್ಯಕ್ಕೆ. ಪಟ್ಟಿಯಿಂದ ಸಂಖ್ಯೆಯನ್ನು ತೆಗೆದುಕೊಂಡು, ಆ ಷರತ್ತನ್ನು ಕರಾರಿನಲ್ಲಿ ಪೂರ್ತಿ ಓದಿ, ಅದರ ವಾಕ್ಯವನ್ನೇ ಉದ್ಧರಿಸಬೇಕು.