ಬೆಂಕಿಗೆ ಹೆಣ ಒಪ್ಪಿಸದವರು

ನಾನು ಪಾಠ ಮಾಡುವ ವಿಶ್ವಧರ್ಮಗಳ ಪತ್ರಿಕೆಯಲ್ಲಿ ಪಾರ್ಸಿಗಳಿಗೆ ಅಂತ ಇರೋದು ಎರಡೇ ಪಿರಿಯಡ್ಡು. ಬಹಳ ವರ್ಷ ಅದನ್ನು ಬೋರ್ಡಿನ ಮೇಲೆ ಮೂರು ಸಾಲಿನಲ್ಲಿ ಮುಗಿಸುತ್ತಿದ್ದೆ. ಪ್ರವಾದಿ ಜರತುಷ್ಟ್ರ, ದೇವರು ಅಹುರ ಮಜ್ದಾ. ಪೂಜಿಸುವುದು ಬೆಂಕಿಯನ್ನು. ಸತ್ತವರನ್ನು ಕೊಡುವುದು ರಣಹದ್ದುಗಳಿಗೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಬೆಂಕೀನೇ ದೇವ್ರು ಅಂದ್ಮೇಲೆ ಹೆಣಾನೂ ಬೆಂಕಿಗೇ ಕೊಡ್ಬೋದಿತ್ತಲ್ವಾ? ನಮ್ಮಲ್ಲಿ ಕೊಡಲ್ವಾ?"

ಉತ್ತರ ನನ್ನಲ್ಲಿರಲಿಲ್ಲ. ಮನೆಗೆ ಹೋಗಿ ಓದತೊಡಗಿದಾಗ ಗೊತ್ತಾಯಿತು, ಎಡವಟ್ಟು ನನ್ನ ಎರಡನೇ ಸಾಲಿನಲ್ಲೇ ಇತ್ತು. ಪಾರ್ಸಿಗಳಿಗೆ ಬೆಂಕಿ ದೇವರಲ್ಲ. ಅದು ಅಹುರ ಮಜ್ದಾನ ಶುದ್ಧ ಸೃಷ್ಟಿ, ಪ್ರಾರ್ಥನೆ ಮಾಡುವಾಗ ಮುಖ ಮಾಡಿ ನಿಲ್ಲುವ ಬೆಳಕು. ನೀರು ಮತ್ತು ಮಣ್ಣು ಕೂಡ ಅವನ ಸೃಷ್ಟಿಯೇ. ಸಾವು ಮಾತ್ರ ಅವನದಲ್ಲ. ಅದು ಅವನ ಎದುರಾಳಿ ಅಂಗ್ರ ಮೈನ್ಯುವಿನ ಕೆಲಸ. ಉಸಿರು ನಿಂತ ದೇಹದ ಮೇಲೆ 'ನಸು' ಎಂಬ ಕೊಳೆಯುವಿಕೆಯ ಶಕ್ತಿ ಬಂದೆರಗುತ್ತದೆ ಎಂದು ಅವರ ಶುದ್ಧಿ ನಿಯಮಗಳ ಗ್ರಂಥ ವೆಂದಿದಾದ್ ಹೇಳುತ್ತದೆ. ಅಂಥ ದೇಹವನ್ನು ಬೆಂಕಿಗೆ ಹಾಕಿದರೆ ಬೆಂಕಿ ಮೈಲಿಗೆ, ಹೂತರೆ ಮಣ್ಣು ಮೈಲಿಗೆ, ಹೊಳೆಗೆ ಬಿಟ್ಟರೆ ನೀರು ಮೈಲಿಗೆ. ಬೆಂಕಿ ಪವಿತ್ರವಾದ್ದರಿಂದಲೇ ಹೆಣವನ್ನು ಅದರಿಂದ ದೂರ ಇಡುತ್ತಾರೆ. ನಾವು ಅದೇ ಪಾವಿತ್ರ್ಯದ ಕಾರಣಕ್ಕೆ ಹೆಣವನ್ನು ಬೆಂಕಿಗೆ ಒಪ್ಪಿಸುತ್ತೇವೆ!

ಹಾಗಾದರೆ ಹೆಣವನ್ನು ಏನು ಮಾಡೋದು? ಮುಂಬೈನ ಮಲಬಾರ್ ಹಿಲ್‌ನ ಡೂಂಗರ್‌ವಾಡಿ ಇದಕ್ಕೆ ಉತ್ತರ. ಅಲ್ಲಿ ಹದಿನೇಳನೇ ಶತಮಾನದಿಂದ ದಖ್ಮಾಗಳಿವೆ. ದಖ್ಮಾ ಅಂದರೆ ಮೇಲೆ ಚಾವಣಿಯಿಲ್ಲದ, ದುಂಡನೆಯ ಕಲ್ಲಿನ ಕಟ್ಟಡ. ಒಳಗೆ ಮೂರು ಸುತ್ತು: ಹೊರಗಿನದು ಗಂಡಸರಿಗೆ, ನಡುವಿನದು ಹೆಂಗಸರಿಗೆ, ಒಳಗಿನದು ಮಕ್ಕಳಿಗೆ. ಮಧ್ಯದಲ್ಲೊಂದು ಬಾವಿ. ಮೊದಲು ಹೆಣದ ಹತ್ತಿರ ನಾಯಿಯೊಂದನ್ನು ತಂದು ತೋರಿಸುತ್ತಾರೆ, ಇದಕ್ಕೆ ಸಗ್‌ದೀದ್ ಎಂದು ಹೆಸರು. ನಾಯಿಯ ನೋಟಕ್ಕೆ ನಸು ಹಿಮ್ಮೆಟ್ಟುತ್ತದೆಂಬ ನಂಬಿಕೆ. ಹೆಣವನ್ನು ಒಳಗೆ ಒಯ್ಯುವವರು ನಸಾಸಾಲಾರರು ಮಾತ್ರ. ಮನೆಯವರು ಹೊರಗೇ ನಿಲ್ಲುತ್ತಾರೆ. ರಣಹದ್ದುಗಳು ಗಂಟೆಗಳಲ್ಲಿ ಕೆಲಸ ಮುಗಿಸುತ್ತಿದ್ದವು. ಬಿಸಿಲಿಗೆ ಒಣಗಿದ ಮೂಳೆ ಬಾವಿ ಸೇರುತ್ತಿತ್ತು. ಸಾಹುಕಾರನ ಮೂಳೆಗೂ ಬಡವನ ಮೂಳೆಗೂ ಒಂದೇ ಬಾವಿ.

ಇದು ಹದ್ದುಗಳಿರುವ ತನಕ ನಡೆಯಿತು. 1990ರ ದಶಕದಲ್ಲಿ ಭಾರತದ ರಣಹದ್ದುಗಳು ಗುಂಪುಗುಂಪಾಗಿ ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದು ಹದಿನೈದೇ ವರ್ಷದಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಇಲ್ಲವಾಯಿತು. ಕಾರಣ ತಿಳಿದದ್ದು 2004ರ ಹೊತ್ತಿಗೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. 2006ರಲ್ಲಿ ಪಶುಗಳಿಗೆ ಆ ಔಷಧಿ ನಿಷೇಧವಾಯಿತು, ಆದರೆ ಅಷ್ಟರಲ್ಲಿ ಮುಂಬೈನ ಆಕಾಶ ಬರಿದಾಗಿತ್ತು.

ಡೂಂಗರ್‌ವಾಡಿಯಲ್ಲಿ ಬಿಸಿಲನ್ನು ಒಂದೆಡೆ ಸೇರಿಸಿ ಹೆಣದ ಮೇಲೆ ಹಾಯಿಸುವ ಸೌರ ಫಲಕಗಳನ್ನಿಟ್ಟರು. ಮುಂಬೈ ಮಳೆಗಾಲದಲ್ಲಿ ಬಿಸಿಲೆಲ್ಲಿಂದ ಬರಬೇಕು? ಇದೂ ಒಂಥರಾ ಸುಡೋದೇ ಅಲ್ವಾ ಎಂದು ಆಕ್ಷೇಪಿಸಿದವರೂ ಇದ್ದರು. 2015ರಲ್ಲಿ ವರ್ಲಿಯ ಚಿತಾಗಾರದಲ್ಲಿ ಪಾರ್ಸಿ ಪ್ರಾರ್ಥನಾ ಮಂದಿರ ತೆರೆಯಿತು. ಸುಡುವುದನ್ನು ಆಯ್ದುಕೊಂಡ ಕುಟುಂಬಗಳು ಅಲ್ಲಿಗೆ ಹೋಗುತ್ತವೆ. ಸಂಪ್ರದಾಯಸ್ಥರು ದಖ್ಮಾ ಬಿಡಲಿಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿದ್ದ ಪಾರ್ಸಿಗಳು 57,264. ಅಷ್ಟು ಜನರ ನಡುವೆಯೂ ಈ ಜಗಳ ಮನೆಮನೆಯದು. ಅಪ್ಪನಿಗೆ ದಖ್ಮಾ ಬೇಕು, ಮಗಳಿಗೆ ಅಪ್ಪನ ದೇಹ ಅಲ್ಲಿ ವಾರಗಟ್ಟಲೆ ಬಿದ್ದಿರುವುದನ್ನು ನೆನೆಯಲಾಗದು.

ಇಂಥ ಬದಲಾವಣೆ ಇವರಲ್ಲಿ ಹೊಸದೂ ಅಲ್ಲ. ಕ್ರಿ.ಪೂ. ಐದನೇ ಶತಮಾನದ ಹೆರೊಡೊಟಸ್, ಪರ್ಷಿಯಾದ ಪುರೋಹಿತರಾದ ಮಾಗಿಗಳ ಹೆಣವನ್ನು ಹಕ್ಕಿಯೋ ನಾಯಿಯೋ ಎಳೆಯುವವರೆಗೆ ಹೂಳುವುದಿಲ್ಲ, ಉಳಿದ ಪರ್ಷಿಯನ್ನರು ಹೆಣಕ್ಕೆ ಮೇಣ ಬಳಿದು ಹೂಳುತ್ತಾರೆ ಎಂದು ಬರೆದಿದ್ದಾನೆ. ಇಪ್ಪತ್ತನೇ ಶತಮಾನದಲ್ಲಿ ಇರಾನಿನ ಜರತುಷ್ಟ್ರೀಯರು ದಖ್ಮಾ ಕೈಬಿಟ್ಟು ಸಮಾಧಿಗೆ ಹೊರಳಿದರು. ಹೆಣ ಮಣ್ಣಿಗೆ ತಾಗದಂತೆ ಗುಂಡಿಗೆ ಸಿಮೆಂಟು ಹಾಕಿದರು. ಅಂದು ಮೇಣ, ಇಂದು ಸಿಮೆಂಟು. ಎರಡೂ ಹೆಣಕ್ಕೂ ಮಣ್ಣಿಗೂ ನಡುವೆ ನಿಲ್ಲುತ್ತವೆ.

ಈಗ ಆ ಎರಡು ಪಿರಿಯಡ್ಡಿನಲ್ಲಿ ಬೋರ್ಡಿನ ಮೇಲೆ ನಾಲ್ಕು ಪದ ಬರೆಯುತ್ತೇನೆ: ಹದ್ದು, ಬಿಸಿಲು, ಸಿಮೆಂಟು, ಬೆಂಕಿ. ಇವುಗಳಲ್ಲಿ ಯಾವುದು ಹಳೆಯ ನಂಬಿಕೆಯನ್ನು ಉಳಿಸುತ್ತೆ, ಯಾವುದು ಮುರಿಯುತ್ತೆ, ಯಾಕೆ ಅಂತ ಬರೆಯೋದು ಮಕ್ಕಳ ಕೆಲಸ. ಮೊದಲ ಮೂರಕ್ಕೆ ಬಗೆಬಗೆಯ ಉತ್ತರ ಬರುತ್ತವೆ. ನಾಲ್ಕನೆಯದರ ಮುಂದೆ ಎಲ್ಲರೂ ತುಸು ಹೊತ್ತು ಪೆನ್ನು ನಿಲ್ಲಿಸುತ್ತಾರೆ.