ಬಲೆಗೆ ಬೀಳದ ಹಕ್ಕಿ ಸತ್ತಿದೆಯಾ?

1957ರ ಆರಂಭದ ತಿಂಗಳುಗಳಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಸುತ್ತಲಿನ ಊರುಗಳ ಜನರೂ ಜ್ವರ ಹಿಡಿದು ಮಲಗಿದರು. ಆ ವರ್ಷ 466 ಜನರಿಗೆ, ಮುಂದಿನ ವರ್ಷ 181 ಜನರಿಗೆ ಕಾಯಿಲೆ ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ 'ಮಂಗನ ಕಾಯಿಲೆ' ಅಂದರೆ ಇನ್ನೇನೂ ವಿವರಿಸಬೇಕಿಲ್ಲ. ಉಳಿದವರಿಗೆ 2019ರ ಹೊತ್ತಿಗೆ ಸಾಗರದ ಅರಳಗೋಡಿನಿಂದ ಬಂದ ಸುದ್ದಿಗಳು ನೆನಪಿರಬಹುದು.

ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸತ್ತ ಮಂಗಗಳಿಂದ ವೈರಸ್ ಬೇರ್ಪಡಿಸಿ ನೋಡಿದಾಗ ಸಿಕ್ಕಿದ್ದು ಒಂದು ವಿಚಿತ್ರ ನೆಂಟಸ್ತಿಕೆ. ಅದು ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ. ಸೈಬೀರಿಯಾದ ನೆಂಟ ಮಲೆನಾಡಿಗೆ ಬಂದದ್ದು ಹೇಗೆ? ಪ್ರತಿ ಚಳಿಗಾಲ ಉತ್ತರದಿಂದ ಹಾರಿ ಬರುವವರು ಯಾರು ಅಂತ ಯೋಚಿಸಿದರೆ ಅನುಮಾನ ತಾನಾಗಿ ವಲಸೆ ಹಕ್ಕಿಗಳ ಮೇಲೆ ಹೋಗುತ್ತದೆ. ಗರಿಯ ನಡುವೆ ಒಂದು ಉಣುಗು ಕಚ್ಚಿಕೊಂಡಿದ್ದರೆ ಸಾಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳಿಗೆ ದೊಡ್ಡ ಪ್ರಮಾಣದಲ್ಲಿ ಉಂಗುರ ತೊಡಿಸಲು ಹೊರಟಿತು. ಶುರುವಾದದ್ದು ಮಲೆನಾಡಿನಲ್ಲಲ್ಲ, ಹಕ್ಕಿಗಳು ದೇಶದೊಳಗೆ ಬರುವ ಬಾಗಿಲಿನಂತಿರುವ ಕಛ್‌ನಲ್ಲಿ. ನಮ್ಮ ಕಾಡಿನ ಒಂದು ಜ್ವರ ಇಡೀ ದೇಶದ ಹಕ್ಕಿ ಉಂಗುರದ ಕೆಲಸಕ್ಕೆ ದುಡ್ಡು ತಂದುಕೊಟ್ಟಿತು ಅನ್ನಬಹುದು. ಆಮೇಲೆ ಅಮೆರಿಕ ಸೇನೆಯ ಹಣದಲ್ಲಿ ನಡೆದ ಏಷ್ಯಾವ್ಯಾಪಿ ಯೋಜನೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳು ಉಂಗುರ ತೊಟ್ಟವು. ಆ ಹಣದ ಬಗ್ಗೆ ದೆಹಲಿಯಲ್ಲಿ ಎದ್ದ ಗದ್ದಲ ಬೇರೆಯೇ ಕತೆ, ಇಲ್ಲಿ ಬೇಡ.

ಉಂಗುರ ಅಂದರೆ ಹಗುರ ಅಲ್ಯೂಮಿನಿಯಂ ಬಳೆ. ಅದರ ಮೇಲೆ ಒಂದು ನಂಬರು, ಬಾಂಬೆಗೆ ತಿಳಿಸಿ ಅನ್ನೋ ಮಾತು. ಯಾರೋ ದೂರದೂರಲ್ಲಿ ಹಕ್ಕಿ ಹಿಡಿದು ಕಾಗದ ಬರೆದರೆ ಅದು ಎಲ್ಲಿಂದ ಎಲ್ಲಿಗೆ ಹಾರಿತು ಅಂತ ಗೊತ್ತಾಗುತ್ತದೆ. ಆದರೆ ಕಾಯಿಲೆಯ ಲೆಕ್ಕಕ್ಕೆ ಇನ್ನೊಂದು ಪ್ರಶ್ನೆಯೂ ಮುಖ್ಯ: ಈ ವರ್ಷ ನಮ್ಮ ತೋಟದ ಅಂಚಿಗೆ ಬಂದ ಹಕ್ಕಿಗಳಲ್ಲಿ ಎಷ್ಟು ಮುಂದಿನ ವರ್ಷಕ್ಕೆ ಬದುಕಿರುತ್ತವೆ? ಅವೇ ಹಕ್ಕಿಗಳು ಅವೇ ಜಾಗಕ್ಕೆ ವರ್ಷವರ್ಷ ಬರುತ್ತಿದ್ದರೆ ಒಂದು ಕತೆ, ಪ್ರತಿ ವರ್ಷ ಹೊಸಬರೇ ಬರುತ್ತಿದ್ದರೆ ಇನ್ನೊಂದು ಕತೆ.

ಇದನ್ನು ಲೆಕ್ಕ ಹಾಕೋದು ಸುಲಭ ಅನಿಸುತ್ತದೆ. ನೂರು ಹಕ್ಕಿಗೆ ಉಂಗುರ ಹಾಕಿ, ಮುಂದಿನ ವರ್ಷ ಬಲೆ ಕಟ್ಟಿ, ಮೂವತ್ತು ಸಿಕ್ಕರೆ ಎಪ್ಪತ್ತು ಸತ್ತವು ಅನ್ನೋದು. ತಪ್ಪೇ ಇಲ್ಲಿ. ಸಿಗದ ಹಕ್ಕಿ ಸತ್ತಿರಬಹುದು, ಅಥವಾ ಬಲೆಯ ಮೇಲಿನ ಕೊಂಬೆಯಲ್ಲಿ ಕೂತು ನಿಮ್ಮನ್ನೇ ನೋಡುತ್ತಿರಬಹುದು. ನೋಟ್‌ಬುಕ್ಕಿನಲ್ಲಿ ಎರಡಕ್ಕೂ ಬರೆಯೋದು ಒಂದೇ ಸೊನ್ನೆ.

ಈ ಸೊನ್ನೆಯನ್ನು ಒಡೆಯುವ ದಾರಿ 1957ರಲ್ಲಿ ಯಾರ ಕೈಯಲ್ಲೂ ಸರಿಯಾಗಿ ಇರಲಿಲ್ಲ. ಕಾಕತಾಳೀಯ ನೋಡಿ, ಅದೇ ವರ್ಷ ಜೆ.ಬಿ.ಎಸ್. ಹಾಲ್ಡೇನ್ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಬಂದರು. ಉಂಗುರದ ದಾಖಲೆಗಳಿಂದ ಹಕ್ಕಿಗಳ ಸಾವಿನ ಪ್ರಮಾಣ ಲೆಕ್ಕ ಹಾಕುವ ಬಗ್ಗೆ ಅವರು ಎರಡು ವರ್ಷ ಮೊದಲೇ ಒಂದು ಪ್ರಬಂಧ ಪ್ರಕಟಿಸಿದ್ದರು. ಆದರೆ ಆ ವಿಧಾನಕ್ಕೆ ಬೇಕಾದದ್ದು ಸತ್ತು ಸಿಕ್ಕ ಹಕ್ಕಿಗಳ ವರದಿ. ಬೇಟೆ ಹೆಚ್ಚಿರುವ, ಸತ್ತ ಹಕ್ಕಿಯ ಕಾಲು ನೋಡಿ ಅಂಚೆಗೆ ಹಾಕುವ ಜನರಿರುವ ದೇಶಕ್ಕೆ ಅದು ಸರಿ. ಮಲೆನಾಡಿನ ತರಗೆಲೆಯ ಮೇಲೆ ಸತ್ತುಬಿದ್ದ ಹತ್ತು ಗ್ರಾಂ ತೂಕದ ಉಲಿಯಕ್ಕಿ ಮರುದಿನದ ಹೊತ್ತಿಗೆ ಇರುವೆಗಳ ಪಾಲು. ಕಾಗದ ಬರೆಯೋರು ಯಾರು?

ಬದುಕಿರುವ ಹಕ್ಕಿಯನ್ನೇ ಮತ್ತೆಮತ್ತೆ ಹಿಡಿದು ಲೆಕ್ಕ ಹಾಕುವ ವಿಧಾನ ಬಂದದ್ದು 1964-65ರಲ್ಲಿ. ಕಾರ್ಮ್ಯಾಕ್ 1964ರಲ್ಲಿ, ಜಾಲಿ ಮತ್ತು ಸೀಬರ್ 1965ರಲ್ಲಿ, ಮೂವರೂ 'ಬಯೋಮೆಟ್ರಿಕಾ' ಪತ್ರಿಕೆಯಲ್ಲೇ ಬರೆದರು. ಕಾರ್ಮ್ಯಾಕ್ ಮುಂದಿದ್ದದ್ದು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಕಡಲಹಕ್ಕಿಗಳ ದಾಖಲೆ. ಇವತ್ತಿಗೂ ಈ ಮಾದರಿಗೆ ಮೂವರ ಹೆಸರೂ ಸೇರಿಸಿಯೇ ಕರೆಯುತ್ತಾರೆ.

ಇದರ ಕೀಲಿ ಇರೋದು ಒಂದು ಚಿಕ್ಕ ಗಮನಿಕೆಯಲ್ಲಿ. ಹೊಸನಗರದ ಕಡೆ ಒಂದು ಅಡಿಕೆ ತೋಟದ ಅಂಚಿನಲ್ಲಿ ಮೂರು ಚಳಿಗಾಲ ಬಲೆ ಕಟ್ಟಿದೆವು ಅಂದುಕೊಳ್ಳಿ. ಲೆಕ್ಕಕ್ಕಾಗಿ ನಾನು ಹುಟ್ಟಿಸಿದ ತೋಟ ಇದು, ಹುಡುಕಿಕೊಂಡು ಹೋಗಬೇಡಿ. ಮೊದಲ ವರ್ಷ ನೂರು ಹಕ್ಕಿಗೆ ಉಂಗುರ. ಪ್ರತಿ ಹಕ್ಕಿಗೂ ಮೂರು ಅಂಕಿಯ ಜಾತಕ: ಸಿಕ್ಕಿದರೆ 1, ಸಿಗದಿದ್ದರೆ 0. ಮೂರನೇ ವರ್ಷ ಮುಗಿದಾಗ ನೋಟ್‌ಬುಕ್ಕಿನಲ್ಲಿ ಹೀಗಿದೆ:

```
111    9
110   21
101    9
100   61
```

ಈಗ 101 ಅನ್ನೋ ಒಂಬತ್ತು ಹಕ್ಕಿಗಳನ್ನು ನೋಡಿ. ಎರಡನೇ ವರ್ಷ ಅವು ಸಿಗಲಿಲ್ಲ. ಆದರೆ ಮೂರನೇ ವರ್ಷ ಸಿಕ್ಕಿದವು, ಅಂದರೆ ಎರಡನೇ ವರ್ಷ ಬದುಕಿಯೇ ಇದ್ದವು. ಸೊನ್ನೆಯ ಗುಟ್ಟು ಇಲ್ಲಿ ರಟ್ಟಾಯಿತು. ಎರಡನೇ ವರ್ಷ ಖಂಡಿತ ಬದುಕಿದ್ದವು ಅಂತ ಮೂರನೇ ವರ್ಷದ ಬಲೆ ಸಾಕ್ಷಿ ಹೇಳುವ ಹಕ್ಕಿಗಳು 111ರ ಒಂಬತ್ತು ಮತ್ತು 101ರ ಒಂಬತ್ತು, ಒಟ್ಟು ಹದಿನೆಂಟು. ಅವುಗಳಲ್ಲಿ ಎರಡನೇ ವರ್ಷ ಬಲೆಗೆ ಬಿದ್ದದ್ದು ಒಂಬತ್ತು. ಹಾಗಾದರೆ ಎರಡನೇ ವರ್ಷ ಬದುಕಿದ್ದ ಹಕ್ಕಿ ನಮ್ಮ ಕೈಗೆ ಸಿಗುವ ಸಾಧ್ಯತೆ 9/18, ಅಂದರೆ 0.5.

ಇದು ಕೈಗೆ ಬಂದ ಮೇಲೆ ಉಳಿದದ್ದು ಮನೆಲೆಕ್ಕ. ಎರಡನೇ ವರ್ಷ ಸಿಕ್ಕಿದ್ದು 9 + 21 = 30. ಬದುಕಿದ್ದವುಗಳಲ್ಲಿ ಅರ್ಧ ಮಾತ್ರ ಸಿಕ್ಕಿದ್ದರಿಂದ ನಿಜಕ್ಕೂ ಇದ್ದದ್ದು ಅರವತ್ತು. ಉಳಿವಿನ ಪ್ರಮಾಣ 0.6. ನೇರ ಲೆಕ್ಕದಲ್ಲಿ ಎಪ್ಪತ್ತು ಹೆಣ ಎಣಿಸಿದ್ದೆವು, ಅದರಲ್ಲಿ ಮೂವತ್ತು ಹಕ್ಕಿಗಳು ಕೊಂಬೆಯ ಮೇಲೆ ಇದ್ದವು.

ಇದು ಬರೀ ಲೆಕ್ಕದ ಮೋಜಲ್ಲ. ಮಂಗನ ಕಾಯಿಲೆ ಏಳುವ ಕಾಲ ಸುಮಾರು ಡಿಸೆಂಬರಿನಿಂದ ಮೇವರೆಗೆ. ವಲಸೆ ಹಕ್ಕಿಗಳು ಇಲ್ಲಿರುವ ತಿಂಗಳುಗಳೂ ಬಹುಪಾಲು ಅವೇ. ಕಾಯಿಲೆ ಜೋರಾದ ವರ್ಷ ಕಾಡಿಗೆ ಕಾಲಿಡಬೇಡಿ ಅನ್ನುತ್ತಾರೆ. ಬಲೆ ಕಟ್ಟೋ ದಿನಗಳು ಅರ್ಧಕ್ಕಿಳಿದು ಹಿಡಿಯುವ ಸಾಧ್ಯತೆ 0.5ರಿಂದ 0.25ಕ್ಕೆ ಬಂತು ಅಂದುಕೊಳ್ಳಿ. ಅವೇ ಅರವತ್ತು ಹಕ್ಕಿಗಳು ಬದುಕಿದ್ದರೂ ಸಿಗೋದು ಹದಿನೈದು. ಕಾಯಿಲೆಯ ವರ್ಷದಲ್ಲಿ ಹಕ್ಕಿಗಳೂ ಗುಂಪಾಗಿ ಸತ್ತವು ಅಂತ ಹೆಡ್‌ಲೈನ್ ಮಾಡಲು ಇಷ್ಟು ಸಾಕು. ಅಲ್ಲಿ ಕಡಿಮೆಯಾದದ್ದು ಹಕ್ಕಿಯಲ್ಲ, ಹಿಡಿಯುವವರ ಓಡಾಟ. ವರ್ಷಕ್ಕೊಂದು ಹಿಡಿಯುವ ಸಾಧ್ಯತೆಯನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿದರೆ ಮಾತ್ರ ಇದು ಕಾಣುತ್ತದೆ. ಎಷ್ಟು ಬಲೆ, ಎಷ್ಟು ಗಂಟೆ ಅಂತ ಬರೆದಿಟ್ಟವರಿಗೆ ಅದಕ್ಕೆ ಕಾರಣವೂ ಸಿಗುತ್ತದೆ.

ಆದರೂ ಆ 0.6 ನಿಜವಾದ ಉಳಿವು ಅಲ್ಲ. ಅದಕ್ಕೆ 'ತೋರಿಕೆಯ ಉಳಿವು' ಅನ್ನೋದೇ ಸರಿ. ಯಾಕೆ ಅಂತ ಮಲೆನಾಡಿನವರಿಗೆ ಹೇಳೋದು ಸುಲಭ. ಕಾರ್ಮ್ಯಾಕ್ ತಮ್ಮ ಪ್ರಬಂಧ ಪ್ರಕಟಿಸಿದ 1964ರಲ್ಲೇ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಹಳ್ಳಿಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ಆ ಹಳ್ಳಿಗಳ ಹಳೆಯ ಮತದಾರರ ಪಟ್ಟಿ ಹಿಡಿದು ಅಲ್ಲೇ ಹುಡುಕಿದರೆ ಒಬ್ಬರೂ ಸಿಗೋಲ್ಲ. ಹಾಗಂತ ಎಲ್ಲರೂ ಸತ್ತರೇ? ಮನೆ ಮುಳುಗಿತು, ಬೇರೆ ಕಡೆ ಹೋದರು. ಶಾಶ್ವತವಾಗಿ ಜಾಗ ಬಿಟ್ಟ ಹಕ್ಕಿಗೂ ಸತ್ತ ಹಕ್ಕಿಗೂ ಈ ಮಾದರಿಯಲ್ಲಿ ವ್ಯತ್ಯಾಸ ಇಲ್ಲ. ನಮಗೆ ಸಿಗುವ ಸಂಖ್ಯೆ ಎರಡರ ಗುಣಲಬ್ಧ: ಬದುಕಿರುವ ಸಾಧ್ಯತೆ, ಅದೇ ಜಾಗಕ್ಕೆ ನಿಷ್ಠವಾಗಿರುವ ಸಾಧ್ಯತೆ. ನಿಜವಾದ ಉಳಿವು 0.8 ಇದ್ದು ನಾಲ್ಕರಲ್ಲಿ ಒಂದು ಹಕ್ಕಿ ಪಕ್ಕದ ಗುಡ್ಡಕ್ಕೆ ವಾಸ ಬದಲಿಸಿದರೂ 0.6ಏ ಬರುತ್ತದೆ. ಕಾಡಿನ ಅಂಚು ಕಡಿದು ಅಕೇಶಿಯಾ ನೆಟ್ಟ ವರ್ಷ ಈ ಸಂಖ್ಯೆ ಕುಸಿದರೆ 'ಹಕ್ಕಿಗಳು ಸತ್ತವು' ಅನ್ನುವ ಮುಂಚೆ ಎರಡು ಕಿಲೋಮೀಟರ್ ಆಚೆ ಒಂದು ಬಲೆ ಕಟ್ಟಿ ನೋಡಬೇಕು. ಸತ್ತು ಸಿಕ್ಕ ಉಂಗುರಗಳ ಕಾಗದಗಳು ಮತ್ತೆ ಬೆಲೆಬಾಳೋದು ಇಲ್ಲೇ, ಯಾಕಂದರೆ ಆ ಕಾಗದ ಯಾವ ಊರಿಂದ ಬೇಕಾದರೂ ಬರಬಹುದು.

ಇನ್ನೊಂದು ಮೋಸ ದಾರಿಹೋಕರದ್ದು. ಅಕ್ಟೋಬರಿನಲ್ಲಿ ಬಲೆಗೆ ಬಿದ್ದ ಎಷ್ಟೋ ಹಕ್ಕಿಗಳು ಇನ್ನೂ ದಕ್ಷಿಣಕ್ಕೆ ಹೊರಟವು, ತೀರ್ಥಹಳ್ಳಿಯಲ್ಲಿ ಒಂದು ರಾತ್ರಿ ತಂಗಿದವು ಅಷ್ಟೇ. ಅವು ಮತ್ತೆ ಸಿಗೋದೇ ಇಲ್ಲ. ಉಳಿವಿನ ಸಂಖ್ಯೆ ಸುಮ್ಮನೆ ಕೆಳಗಿಳಿಯುತ್ತದೆ. ಕಂಡುಹಿಡಿಯೋದು ಹೀಗೆ: ಒಂದೇ ವರ್ಷ ಬಿಟ್ಟ ಹಕ್ಕಿಗಳಲ್ಲಿ ಅವತ್ತೇ ಮೊದಲ ಉಂಗುರ ತೊಟ್ಟವು, ಹಿಂದಿನ ವರ್ಷವೇ ತೊಟ್ಟಿದ್ದವು ಅಂತ ಎರಡು ಗುಂಪು ಮಾಡಿ. ಮುಂದೆ ಹೊಸಬರು ತೀರಾ ಕಡಿಮೆ ಸಿಕ್ಕರೆ ಅವರಲ್ಲಿ ದಾರಿಹೋಕರಿದ್ದಾರೆ ಅಂತ ಲೆಕ್ಕ. ಕರ್ನಾಟಕದಲ್ಲಿ ಇದನ್ನು ಚೆನ್ನಾಗಿ ಮಾಡಿ ತೋರಿಸಿದ್ದು ಹಕ್ಕಿಗಳಲ್ಲಲ್ಲ, ಹುಲಿಗಳಲ್ಲಿ. ಉಲ್ಲಾಸ ಕಾರಂತ ಮತ್ತು ಸಂಗಡಿಗರು ನಾಗರಹೊಳೆಯಲ್ಲಿ ಒಂಬತ್ತು ವರ್ಷ ಕ್ಯಾಮೆರಾ ಇಟ್ಟು 74 ಹುಲಿಗಳನ್ನು ಗುರುತಿಸಿದರು. ಅಲ್ಲಿ ಉಂಗುರದ ಬದಲು ಮೈಮೇಲಿನ ಪಟ್ಟೆ, ಜಾತಕ ಮಾತ್ರ ಇದೇ ಸೊನ್ನೆ-ಒಂದು. 2006ರಲ್ಲಿ ಅವರು ಪ್ರಕಟಿಸಿದ ಪ್ರಕಾರ ವರ್ಷದ ಉಳಿವು 0.77, ಹೊಸದಾಗಿ ಕಂಡ ಹುಲಿ ದಾರಿಹೋಕ ಆಗಿರುವ ಸಾಧ್ಯತೆ 0.18. ಈ ಎರಡನೆಯದನ್ನು ಬೇರ್ಪಡಿಸದಿದ್ದರೆ ಮೊದಲನೆಯದು ಕಡಿಮೆಯಾಗಿ ಕಾಣುತ್ತಿತ್ತು.

ಹಕ್ಕಿಗಳಲ್ಲಿ ಈ ವಿದ್ಯೆ ಕಲಿಯುವವರೆಲ್ಲ ಮೊದಲು ತೆಗೆಯುವ ದಾಖಲೆ ಫ್ರಾನ್ಸಿನದ್ದು. ತೊರೆಯಲ್ಲಿ ಮುಳುಗಿ ಹುಳ ಹಿಡಿಯುವ ಡಿಪ್ಪರ್ ಅನ್ನೋ ಹಕ್ಕಿ, 1981ರಿಂದ 1987ರವರೆಗೆ ಏಳು ವರ್ಷ, 294 ಹಕ್ಕಿಗಳು. ಅಲ್ಲಿ ಬದುಕಿರುವ ಹಕ್ಕಿ ಸಿಗುವ ಸಾಧ್ಯತೆ 0.9. ಹಾಗಾಗಿ ಸೊನ್ನೆಯ ಅರ್ಥ ಬಹುಮಟ್ಟಿಗೆ 'ಇಲ್ಲ' ಅಂತಲೇ. ಆ ಸ್ಪಷ್ಟತೆಯಿಂದಲೇ ಪ್ರವಾಹದ ವರ್ಷಗಳಲ್ಲಿ ಉಳಿವು ಸುಮಾರು 0.61ರಿಂದ 0.47ಕ್ಕೆ ಇಳಿದದ್ದು ಕಾಣಿಸಿತು. ಹಿಡಿಯುವ ಸಾಧ್ಯತೆ 0.2 ಇರುವ ದಟ್ಟ ಕಾಡಿನಲ್ಲಿ ಅಷ್ಟೇ ಹಕ್ಕಿಗಳಿಂದ ಅಷ್ಟು ವ್ಯತ್ಯಾಸ ಕಾಣೋದು ತುಂಬ ಕಷ್ಟ.

ನಮ್ಮ ಹೊಸನಗರದ ತೋಟದಲ್ಲಿ ಇನ್ನೊಂದು ಬಾಕಿ ಇದೆ. ಎರಡರಿಂದ ಮೂರನೇ ವರ್ಷದ ಉಳಿವು ಎಷ್ಟು? ಎರಡನೇ ವರ್ಷ ಸಿಕ್ಕ ಮೂವತ್ತರಲ್ಲಿ ಮೂರನೇ ವರ್ಷ ಸಿಕ್ಕಿದ್ದು ಒಂಬತ್ತು, ಅಂದರೆ 0.3. ಅದು 0.6 × 0.5 ಇರಬಹುದು, ಎಲ್ಲ ಹಕ್ಕಿಯನ್ನೂ ಹಿಡಿದು 0.3 × 1 ಆಗಿರಬಹುದು. ಮೂರನೇ ವರ್ಷ ತಪ್ಪಿಸಿಕೊಂಡ ಹಕ್ಕಿಗಳಿಗೆ ಇನ್ನೂ ಸಾಕ್ಷಿ ಇಲ್ಲ. ಹಿಡಿಯುವ ಸಾಧ್ಯತೆ ಪ್ರತಿ ವರ್ಷ ಒಂದೇ ಅಂತ ಒಪ್ಪಿಕೊಂಡು ಮುಂದೆ ಹೋಗಬಹುದು, ಅದು ಊಹೆ. ಇಲ್ಲದಿದ್ದರೆ ನಾಲ್ಕನೇ ಚಳಿಗಾಲಕ್ಕೆ ಮತ್ತೆ ಬಲೆ ಕಟ್ಟಬೇಕು. ಆಗ ಮೂರನೇ ವರ್ಷದ್ದು ಬಿಡಿಸಿಕೊಳ್ಳುತ್ತದೆ, ನಾಲ್ಕನೆಯದು ಗಂಟಾಗಿ ಉಳಿಯುತ್ತದೆ.