ಹೊಸ ಪಿಡಿಎಫ್, ಹಳೆಯ ರೀಡರ್



ಇಪ್ಪತ್ತು ವರ್ಷಗಳ ಹಿಂದೆ ಹೊರನಾಡ ಕನ್ನಡಿಗರು ಇಮೇಲಿನಲ್ಲಿ ಕತೆ, ಕವಿತೆ ಹಂಚಿಕೊಳ್ಳುವಾಗ ಪಿಡಿಎಫ್ ಮಾಡಿ ಕಳಿಸುವುದಕ್ಕೆ ಕಾರಣವಿತ್ತು. ಬರಹದಲ್ಲೋ ನುಡಿಯಲ್ಲೋ ಟೈಪ್ ಮಾಡಿದ ವರ್ಡ್ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತಿತ್ತು. ಪಿಡಿಎಫ್ ಹಾಗಲ್ಲ, ಅಕ್ಷರಗಳ ಆಕಾರವನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡೇ ಬರುತ್ತದೆ. ಹಾಗಾಗಿ "ಪಿಡಿಎಫ್ ಎಲ್ಲಿ ತೆರೆದರೂ ಒಂದೇ" ಎಂಬ ನಂಬಿಕೆ ನಮ್ಮಲ್ಲಿ ಬೇರೂರಿತು. ಇದು ಮುಕ್ಕಾಲು ಪಾಲು ಮಾತ್ರ ನಿಜ.

ಅಡೋಬಿ ಸಂಸ್ಥೆ 1993ರಲ್ಲಿ ಪಿಡಿಎಫ್ 1.0 ಹೊರತಂದಾಗಲೇ ಮುಂದೆ ಹೊಸ ಆವೃತ್ತಿಗಳು ಬರುತ್ತವೆಂದು ಗೊತ್ತಿತ್ತು. ಕಡತದ ಮೊದಲ ಸಾಲಿನಲ್ಲಿ `%PDF-1.4` ಎಂಬಂತೆ ಆವೃತ್ತಿಯ ಸಂಖ್ಯೆ ಇರುತ್ತದೆ. ತನಗಿಂತ ಹೊಸ ಸಂಖ್ಯೆ ಕಂಡರೂ ಹಳೆಯ ರೀಡರ್ ಕೈಚೆಲ್ಲಬಾರದು, ಗೊತ್ತಿಲ್ಲದ ಪದ ಸಿಕ್ಕರೆ ಅದನ್ನು ಬಿಟ್ಟು ಉಳಿದದ್ದನ್ನು ತೋರಿಸಬೇಕು ಎಂಬುದು ಪದ್ಧತಿ. ಒಳ್ಳೆಯ ಪದ್ಧತಿಯೇ. ಎಂಟು ವರ್ಷ ಅದು ಬಹುಮಟ್ಟಿಗೆ ನಡೆಯಿತು ಕೂಡ. 2001ರಲ್ಲಿ ಅಕ್ರೋಬ್ಯಾಟ್ 5ರ ಜೊತೆಗೆ ಬಂದ 1.4ನೇ ಆವೃತ್ತಿಯಲ್ಲಿ ಪಾರದರ್ಶಕ ಬಣ್ಣಗಳು ಸೇರಿದಾಗ ಅದೇ ಪದ್ಧತಿ ತಿರುಗುಬಾಣವಾಯಿತು.

ಒಂದು ಉದಾಹರಣೆ ನೋಡೋಣ. ಬರ್ಕಾದ ನನ್ನ ಮನೆಯಲ್ಲಿ ಇಂಥ ಪರೀಕ್ಷೆಗಳಿಗೆಂದೇ ಉಳಿಸಿಕೊಂಡ ಹಳೆಯ ಕಂಪ್ಯೂಟರೊಂದಿದೆ (ಅಟ್ಟಕ್ಕೆ ಹಾಕಿ ಎಂದು ಮನೆಯವರ ಆಗ್ರಹ, ಅದು ಬೇರೆ ಮಾತು). ಅದರಲ್ಲಿರುವುದು ಅಕ್ರೋಬ್ಯಾಟ್ ರೀಡರ್ 4. ಅದು ಬಲ್ಲದ್ದು 1.3ರವರೆಗೆ ಮಾತ್ರ. ಕವಿತೆಯ ಪುಟವೊಂದರಲ್ಲಿ ಎರಡು ಸಾಲುಗಳ ಮೇಲೆ ತೆಳು ಹಳದಿ ಪಟ್ಟಿ ಎಳೆದಿದ್ದೇವೆ ಎಂದುಕೊಳ್ಳಿ. ಕಡತದೊಳಗೆ ಅದು ಹೀಗಿರುತ್ತದೆ:

```
/G1 gs
1 1 0 rg
72 600 300 40 re f
```

ಮೊದಲ ಸಾಲು "G1 ಎಂಬ ಸೂಚನೆಯಂತೆ ಬಳಿ" ಎನ್ನುತ್ತದೆ. ಎರಡನೆಯದು ಹಳದಿ ಬಣ್ಣ, ಮೂರನೆಯದು ಪಟ್ಟಿಯ ಜಾಗ ಮತ್ತು ಅಳತೆ. ಬಣ್ಣ ಎಷ್ಟು ತೆಳುವಾಗಿರಬೇಕು ಎಂಬುದು ಬೇರೊಂದು ಕಡೆ, G1ರ ವಿವರದಲ್ಲಿ `/ca 0.3` ಎಂದು ಇರುತ್ತದೆ. ಅಂದರೆ ನೂರಕ್ಕೆ ಮೂವತ್ತರಷ್ಟು ಮಾತ್ರ ಗಾಢ. ರೀಡರ್ 4ಕ್ಕೆ `gs` ಗೊತ್ತು, ಹಳದಿ ಗೊತ್ತು, ಪಟ್ಟಿಯೂ ಗೊತ್ತು. `ca` ಮಾತ್ರ ಗೊತ್ತಿಲ್ಲ. ಪದ್ಧತಿಯಂತೆ ಅದನ್ನು ಬಿಟ್ಟುಬಿಡುತ್ತದೆ, ಪಟ್ಟಿಯನ್ನು ನೂರಕ್ಕೆ ನೂರು ಗಾಢವಾಗಿ ಬಳಿಯುತ್ತದೆ. ಪಟ್ಟಿ ಅಕ್ಷರಗಳ ನಂತರ ಬರೆಯಲ್ಪಟ್ಟಿದ್ದರೆ ಎರಡು ಸಾಲು ಕವಿತೆ ಮಾಯ! ಎಲ್ಲಿಯೂ "ಇಲ್ಲೊಂದು ಸಾಲಿತ್ತು" ಎಂಬ ಸೂಚನೆಯಿಲ್ಲ. ಓದುಗ ಅದನ್ನು ಅಲಂಕಾರದ ಪಟ್ಟಿ ಎಂದುಕೊಂಡು ಮುಂದೆ ಹೋಗುತ್ತಾನೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ತೊಂದರೆ ಇದೇ. ಅನುಮಾನ ಬಂದರೆ ಮೌಸಿನಿಂದ ಆ ಜಾಗವನ್ನು ಆಯ್ದು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಬಹುದು. ಏನಾದರೂ ಅಕ್ಷರ ಬಂದರೆ, ನುಡಿ ಫಾಂಟಿನದಾದರೆ ಅದು ಚಿತ್ರಾನ್ನವೇ ಆದರೂ, ಪಟ್ಟಿಯ ಕೆಳಗೆ ಸಾಲಿದೆ ಎಂದಂತೂ ತಿಳಿಯುತ್ತದೆ.

2003ರ 1.5ನೇ ಆವೃತ್ತಿಯ ತೊಂದರೆ ಇದಕ್ಕೆ ತದ್ವಿರುದ್ಧ, ಅದು ಕೂಗಿ ಹೇಳುತ್ತದೆ. ಪಿಡಿಎಫ್‌ನ ಕೊನೆಯಲ್ಲಿ ಒಂದು ಪರಿವಿಡಿ ಇರುತ್ತದೆ, ಯಾವ ವಸ್ತು ಎಷ್ಟನೇ ಬೈಟಿನಲ್ಲಿದೆ ಎಂಬ ಪಟ್ಟಿ. ಹಳೆಯ ರೀಡರ್ ಅಲ್ಲಿ `xref` ಎಂಬ ಪದವನ್ನು ಹುಡುಕುತ್ತದೆ. 1.5ರಲ್ಲಿ ಕಡತ ಸಣ್ಣದಾಗಲೆಂದು ಪರಿವಿಡಿಯನ್ನೇ ಅಮುಕಿ ಇಡಬಹುದು, ಪುಟಗಳ ವಿವರಗಳನ್ನೂ ಗಂಟು ಕಟ್ಟಿ ಅಮುಕಬಹುದು. ಹಳೆಯ ರೀಡರಿಗೆ `xref` ಸಿಗುವುದಿಲ್ಲ. ಕಡತ ಕೆಟ್ಟಿದೆಯೆಂದು ಭಾವಿಸಿ ದುರಸ್ತಿಗೆ ಇಳಿದರೆ ಪುಟಗಳೂ ಗಂಟಿನೊಳಗೇ ಇರುವುದರಿಂದ ಅವೂ ಕಾಣವು. "ಕಡತ ಹಾಳಾಗಿದೆ" ಎಂದು ಹೇಳಿ ಸುಮ್ಮನಾಗುತ್ತದೆ. ಕಡತಕ್ಕೆ ಏನೂ ಆಗಿರುವುದಿಲ್ಲ ಪಾಪ. ಅಡೋಬಿಯವರು ಇದಕ್ಕೆ ನಡುದಾರಿಯೊಂದನ್ನೂ ಇಟ್ಟಿದ್ದರು. ಹಳೆಯ ಪರಿವಿಡಿಯನ್ನೂ ಕೊಟ್ಟು, ಜೊತೆಗೆ `/XRefStm` ಎಂದು ಹೊಸದರ ವಿಳಾಸವನ್ನೂ ಕೊಡುವುದು. ಹಳಬ ಮೊದಲಿನದನ್ನು ಓದುತ್ತಾನೆ, ಹೊಸಬ ಎರಡನ್ನೂ.

ಮೊದಲ ಸಾಲಿನ 1.5 ಅನ್ನು 1.3 ಎಂದು ತಿದ್ದಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಬದಲಾಗುವುದು ಹೊರಗಿನ ಚೀಟಿ ಮಾತ್ರ. ಪರಿವಿಡಿಯ ತೊಂದರೆಗೆ ನಿಜವಾದ ಮದ್ದು ಇದೆ:

```
qpdf --object-streams=disable hosa.pdf hale.pdf
```

ಇದು ಗಂಟು ಬಿಚ್ಚಿ ಹಳೆಯ ಪರಿವಿಡಿ ಬರೆಯುತ್ತದೆ. ಕಡತ ಸ್ವಲ್ಪ ದಪ್ಪವಾಗುತ್ತದೆ, ಒಂದಕ್ಷರವೂ ಕೆಡದು. ಪಾರದರ್ಶಕ ಬಣ್ಣಕ್ಕೆ ಇಷ್ಟು ಸುಲಭವಿಲ್ಲ. ಘೋಸ್ಟ್‌ಸ್ಕ್ರಿಪ್ಟಿಗೆ `-dCompatibilityLevel=1.3` ಎಂದು ಹೇಳಿದರೆ ಅಂಥ ಪುಟವನ್ನು ಇಡಿಯಾಗಿ ಒಂದು ಚಿತ್ರವನ್ನಾಗಿ ಮಾಡಿಬಿಡುತ್ತದೆ. ಹಳದಿ ಪಟ್ಟಿ ತೆಳುವಾಗಿ ಬರುತ್ತದೆ, ಕೆಳಗಿನ ಸಾಲುಗಳೂ ಕಾಣುತ್ತವೆ, ಆದರೆ ಆ ಪುಟದಲ್ಲಿ ಹುಡುಕಲು ಅಕ್ಷರಗಳೇ ಉಳಿದಿರುವುದಿಲ್ಲ. 2005ರಲ್ಲಿ ಕಡತಗಳನ್ನು ದೀರ್ಘಕಾಲ ಕಾಪಿಡಲೆಂದು ಪಿಡಿಎಫ್/ಎ-1 ಎಂಬ ಮಾನಕ ಬಂದಾಗ ಅದನ್ನು 1.4ರ ಮೇಲೆಯೇ ಕಟ್ಟಿದರು. ಫಾಂಟು ಒಳಗಿರಲೇಬೇಕು ಎಂದರು, ಪಾರದರ್ಶಕ ಬಣ್ಣ ಕೂಡದೆಂದರು.